ಆರದ ಚಹಾದ ಉಡುಗೊರೆ

ಈ ಸಲ ಹೆಂಡತಿಯ ಹುಟ್ಟುಹಬ್ಬಕ್ಕೆ ತಾನು ಕೊಡುವ ಉಡುಗೊರೆ ಕಂಡು ಇಡೀ ಗಂಡಸರ ಕುಲವೇ ನಾಚಿ ನೀರಾಗಬೇಕು ಎಂದು ನಮ್ಮ ಲಿಫ್ಟ್ ಮೆಕ್ಯಾನಿಕ್ ಮಹಾಶಯ ಕನ್ನಡಿಯ ಮುಂದೆ ನಿಂತು ಘೋಷಿಸಿದ! ಕಾರಣವಿತ್ತು. ಹೋದ ವರ್ಷ ಅಂಗಡಿಯಲ್ಲಿದ್ದುದರಲ್ಲೇ ದುಬಾರಿ ಸೆಂಟು ತಂದುಕೊಟ್ಟಿದ್ದ. ಸೆಂಟಿನ ವಾಸನೆಗೇ ತಲೆನೋವು ಬರುವ ಹೆಂಡತಿ "ಚೆನ್ನಾಗಿದೆ" ಎಂದಿದ್ದಳು. ಆ ಸೀಸೆ ಈಗಲೂ ಬೀರುವಿನಲ್ಲಿ ಹಳೆಯ ಬಟ್ಟೆಗಳಿಗೆ ಕಾವಲು ಕೂತಿದೆ. ಆದರೆ ಅವತ್ತು ಅವಳ ಮುಖ ಒಂದು ಕ್ಷಣ ಸಪ್ಪಗಾದದ್ದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಇಷ್ಟು ವರ್ಷ ಜೊತೆಗಿದ್ದೂ ನನ್ನನ್ನು ನೋಡೇ ಇಲ್ಲವಲ್ಲ ಎನ್ನುವ ಮುಖ ಅದು.

ಏನು ಕೊಡಲೆಂದು ಕೇಳಲು ನಾದಿನಿಗೆ ಫೋನ್ ಮಾಡಿದ.

"ಭಾವ, ಬೆಲೆ ನೋಡ್ಬೇಡಿ, ಅಕ್ಕನ್ನ ನೋಡಿ. ದಿನಾ ಏನ್ಮಾಡ್ತಾಳೆ, ಎಲ್ಲಿ ಒದ್ದಾಡ್ತಾಳೆ ಅಂತ."

"ನೋಡೋದೇ ನನ್ನ ಕಸುಬಮ್ಮಾ! ಸದ್ದು ಕೇಳೇ ಲಿಫ್ಟಿನ ಕಾಯಿಲೆ ಹೇಳೋನು ನಾನು!"

ಮರುದಿನದಿಂದ ಪತ್ತೇದಾರಿಕೆ ಶುರು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳು ಯಂತ್ರ ತುಳಿದರೆ ಇವನು ಬಾಗಿಲ ಸಂದಿಯಲ್ಲಿ. ಅವಳು ಗುಂಡಿ ಹಚ್ಚಿದರೆ ಇವನು ಪರದೆಯ ಹಿಂದೆ.

"ಏನ್ರೀ ಹಾಗೆ ಗುರಾಯಿಸ್ತೀರಾ? ಜ್ವರಾನಾ?" ಎಂದು ಅವಳು ಹಣೆ ಮುಟ್ಟಿ ನೋಡಿದಳು.

ಹಲ್ಲಿನಿಂದ ದಾರ ಕಡಿಯುತ್ತಾಳೆ. ಕತ್ತರಿ ಕೊಡಿಸೋಣವೆಂದರೆ ಅದು ಪಕ್ಕದಲ್ಲೇ ಇದೆ, ಅವಳಿಗೆ ಬೇಡ. ಬಿಡು. ಕುರ್ಚಿ? ಅವಳ ಬೆನ್ನಿಗೆ ಹಳೆಯ ಮೋಟು ಕುರ್ಚಿಯೇ ಒಗ್ಗಿದೆ. ಅದೂ ಬೇಡ. ಆಮೇಲೆ ಸಿಕ್ಕಿತು ಕಾಯಿಲೆ! ಬೆಳಿಗ್ಗೆ ಚಹಾ ಸೋಸುತ್ತಾಳೆ, ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾಳೆ, ಇವನು ಗೇಟಿಗಿಳಿದು ಕದ್ದು ನೋಡಿದರೂ ಅಲ್ಲೇ ನಿಂತಿರುತ್ತಾಳೆ, ಆರಿ ತಣ್ಣಗಾದ ಮೇಲೆ ಮುಖ ಕಿವುಚಿ ಕುಡಿಯುತ್ತಾಳೆ. ದಿನಾ ಇದೇ!

ಬಿಸಿ ಹಿಡಿದಿಡುವ ಲೋಟಕ್ಕಾಗಿ ಅಂಗಡಿ ಅಂಗಡಿ ಅಲೆದ. ಒಂದು ಕೈಯಲ್ಲಿ ಬಟ್ಟೆ ಹಿಡಿದಾಗ ಇನ್ನೊಂದು ಕೈಯಲ್ಲೇ ಮುಚ್ಚಳ ತೆರೆಯಬೇಕು. ಉರುಳಿದರೂ ಗಿರಾಕಿಯ ಬಟ್ಟೆಯ ಮೇಲೆ ಹನಿ ಬೀಳಬಾರದು. ದಪ್ಪ ಅಂಚು ಅವಳಿಗಾಗದು. ಬಿಸಿನೀರು ತುಂಬಿಸಿ, ಲೋಟ ತಲೆಕೆಳಗು ಮಾಡಿ, ಅಲ್ಲಾಡಿಸಿ ಪರೀಕ್ಷಿಸಿದ. "ಸ್ವಾಮಿ, ಇದು ಲೋಟ, ಲಿಫ್ಟಲ್ಲ!" ಎಂದು ಅಂಗಡಿಯವನು ಕೈಮುಗಿದ. ಕೊನೆಗೆ ಆರಿಸಿದ್ದು ಅಲ್ಲಿದ್ದ ಅತಿ ಅಗ್ಗದ್ದು!

ಹುಟ್ಟುಹಬ್ಬದ ಬೆಳಿಗ್ಗೆ ತಾನೇ ಚಹಾ ಮಾಡಿ ಲೋಟಕ್ಕೆ ತುಂಬಿಸಿ ಕೊಟ್ಟ. ಅವಳು ಮುಚ್ಚಳ ಒತ್ತಿ ನೋಡಿದಳು. ಕಣ್ಣು ಅರಳಿತು.

"ಇವತ್ತು ಕಿಟಕಿ ಹತ್ರ ನಿಲ್ಲೋ ಹಾಗಿಲ್ಲ! ಒಳಗೆ ಹೋಗಿ ಆರಾಮಾಗಿ ಕೂತು ಕುಡಿ!" ಎಂದು ಅಪ್ಪಣೆ ಕೊಡಿಸಿ, ಎದೆಯುಬ್ಬಿಸಿ ಕೆಳಗಿಳಿದ. ಕಟ್ಟಡದ ಲಿಫ್ಟನ್ನು ಸರ್ವಿಸಿಗೆಂದು ಬಂದ್ ಮಾಡಿ, ಬಿಡಿಭಾಗ ತರಲು ಹೊರಟ. ಗೇಟಿನ ಹತ್ತಿರ ಜೇಬು ಮುಟ್ಟಿಕೊಂಡ. ಗಾಡಿಯ ಕೀಲಿ ಇಲ್ಲ! ಕನ್ನಡಕವೂ ಇಲ್ಲ!

"ಏ, ಕೀಲಿ!" ಎಂದು ರೂಢಿಯಂತೆ ಕಿಟಕಿಗೆ ಕೂಗಿದ.

ಕಿಟಕಿ ಖಾಲಿ. ಮತ್ತೆ ಕೂಗಿದ. ಬೇರೆ ಕಿಟಕಿಗಳೆಲ್ಲ ತೆರೆದವು, ಅವನದೊಂದು ಬಿಟ್ಟು! ಒಬ್ಬ ಅಜ್ಜಿ, "ಲಿಫ್ಟ್ ಕೆಡಿಸಿದೋನು ಇವ್ನೇ ಕಣ್ರೇ!" ಎಂದರು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ರಿಪೇರಿ ಮಾಡುತ್ತೇನೆಂದು ತಾನೇ ಬಿಚ್ಚಿಟ್ಟಿದ್ದ ಕರೆಗಂಟೆ ಒತ್ತಿದ, ಸದ್ದಿಲ್ಲ. ಬಾಗಿಲು ಬಡಿದೂ ಬಡಿದೂ ಕೈ ಕೆಂಪಾದ ಮೇಲೆ ಹೆಂಡತಿ ನಾಲಗೆ ಹೊರಗೆ ಚಾಚಿಕೊಂಡು ಬಂದಳು.

"ಸುಟ್ಟೋಯ್ತು ರೀ! ಬಿಸಿ ಚಹಾ ಕುಡಿದು ಎಷ್ಟು ವರ್ಷ ಆಗಿತ್ತೋ!"

"ಮತ್ತೆ ದಿನಾ ಕಿಟಕಿ ಹತ್ರ ಯಾಕೆ ನಿಲ್ತಿದ್ದೆ?"

ಅವಳು ನಗುತ್ತ, ದಿನಾ ಕಿಟಕಿಯಿಂದ ಕೆಳಗೆ ಎಸೆಯುವ ಪುಟ್ಟ ಚೀಲವನ್ನು ಗೂಟದಿಂದ ತೆಗೆದಳು. ಬಿದ್ದರೂ ಕನ್ನಡಕ ಒಡೆಯದಂತೆ ಒಳಗೆ ಚಿಂದಿ ತುರುಕಿ ಅವಳೇ ಹೊಲಿದದ್ದು. ಕೀಲಿ, ಕನ್ನಡಕ ಎರಡೂ ಅದರಲ್ಲೇ ತಯಾರಾಗಿದ್ದವು.

"ನೀವು ಏನಾದ್ರೂ ಮರೀದೇ ಹೋದ ದಿನ ಇದ್ಯಾ? ಗೇಟು ದಾಟೋವರೆಗೂ ಕಾಯ್ಬೇಕಲ್ಲ!"

ಮೆಕ್ಯಾನಿಕ್ ಮಹಾಶಯ ಬೆವರಿದ. ಲಿಫ್ಟ್ ನಿಂತರೆ ಯಾಕೆ ನಿಂತಿತೆಂದು ಮೊದಲು ಕೇಳುವವನು, ಹೆಂಡತಿ ಯಾಕೆ ನಿಲ್ಲುತ್ತಾಳೆಂದು ಕೇಳಿರಲಿಲ್ಲ. ಅವಳ ಚಹಾ ಇಷ್ಟು ವರ್ಷ ಆರಿದ್ದು ತನ್ನಿಂದ! ಪಾಪ ಅನ್ನಿಸಿತು, ನಾಚಿಕೆಯೂ ಆಯಿತು. ಅಂದು ಸಂಜೆಯೇ ತನ್ನ ಸಾಮಾನು ನೇತುಹಾಕಲು ಬಾಗಿಲ ಒಳಬದಿಗೆ ಕೊಕ್ಕೆಗಳನ್ನು ಬಡಿದ. "ನಿಜವಾದ ಉಡುಗೊರೆ ಇದು! ನಾಳೆಯಿಂದ ನಿನ್ನ ಕಾವಲು ರದ್ದು!"

ಮರುದಿನ ಕೀಲಿ, ಕನ್ನಡಕ, ಊಟದ ಡಬ್ಬಿ ಎಲ್ಲವನ್ನೂ ಕೊಕ್ಕೆಯಿಂದ ತೆಗೆದುಕೊಂಡ. ಗೇಟಿನ ಹತ್ತಿರ ಜೇಬು ತಟ್ಟಿ ನೋಡಿ, ಗೆದ್ದವನಂತೆ ತಿರುಗಿದ. ಕಿಟಕಿಯಲ್ಲಿ ಹೆಂಡತಿ! ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ರಾತ್ರಿಯಷ್ಟೇ ಹೊಲಿದು ಮುಗಿಸಿದ ದೊಡ್ಡ ಚೀಲ.

"ಇನ್ನೂ ಯಾಕೆ ನಿಂತಿದ್ದೀ? ಎಲ್ಲಾ ತಗೊಂಡಿದ್ದೀನಿ!"

"ಕಾಲು ನೋಡ್ಕೊಳ್ಳಿ!"

ನೋಡಿಕೊಂಡ. ಬಚ್ಚಲುಮನೆಯ ಚಪ್ಪಲಿ!

ಚೀಲದಲ್ಲಿ ಬೂಟುಗಳು ಮೆತ್ತಗೆ ಬಂದು ಬಿದ್ದವು. ಮೇಲಿನಿಂದ ಒಂದು ಗುಟುಕು ಹೀರಿ ಹೆಂಡತಿ ಕೂಗಿದಳು:

"ನಿಧಾನವಾಗಿ ಹಾಕ್ಕೊಳ್ಳಿ ರೀ! ಚಹಾ ಇನ್ನೂ ಬಿಸಿಯಾಗೇ ಇದೆ!"