ಎರಡು ಸಲ ಒತ್ತಿದ ತಪ್ಪಿಗೆ ಚುಕ್ಕಿ ದಯಪಾಲಿಸಿದ ಸ್ಪೇಸ್ ಬಾರ್ ಅವರಿಗೆ

ಕೀಬೋರ್ಡಿನ ಕಟ್ಟಕಡೆಯ ಸಾಲಿನಲ್ಲಿದ್ದರೂ ಎಲ್ಲ ಅಕ್ಷರಗಳಿಗಿಂತ ಉದ್ದದ ಸೀಟು ಹಿಡಿದು ಮೈಚಾಚಿ ಮಲಗಿರುವ ಮಾನ್ಯರೇ, ನನ್ನ ಬಲಗೈ ಹೆಬ್ಬೆರಳಿನ ಪರವಾಗಿ ತಮಗೆ ಬಗ್ಗಿ ನಮಸ್ಕಾರ.

ತಾವು ಸೌಖ್ಯ ಅಂತ ನಂಬಿದ್ದೀನಿ, ಯಾಕಂದ್ರೆ ಖಾಲಿ ಜಾಗ ಕೊಡೋದು ಬಿಟ್ಟು ತಮಗೆ ಬೇರೆ ಕೆಲಸವಿಲ್ಲ, ಇದ್ದ ಒಂದೇ ಒಂದು ಹೆಚ್ಚುವರಿ ಕೆಲಸವನ್ನ ನನ್ನ ಮೇಲೇ ಮಾಡಿ ಮುಗಿಸಿದ್ದೀರಿ. ನಾನು ಯಾರು ಅಂದ್ರೆ, ಹೊಸದಾಗಿ ಲಾಂಡ್ರಿ ಅಂಗಡಿಗೆ ಸೇರಿದವಳು, ಮತ್ತು ನನ್ನ ಗೆಳತಿ ಬುಗುರಿಯ ಅಭಿಮಾನಿ ಸಂಘದ ಅಧ್ಯಕ್ಷೆ. ಸಂಘದಲ್ಲಿ ಸದ್ಯಕ್ಕೆ ಅಧ್ಯಕ್ಷೆ ಮಾತ್ರ ಇದ್ದಾಳೆ.

ನಮ್ಮ ಅಂಗಡೀಲಿ ಬಟ್ಟೆ ಗಂಟಿಗೆ ಚೀಟಿ ಟೈಪ್ ಮಾಡುವಾಗ ಗಿರಾಕಿ ಹೆಸರು, ಆಮೇಲೆ ಎರಡು ಸ್ಪೇಸ್, ಆಮೇಲೆ ಬಟ್ಟೆ ಎಷ್ಟು ಅಂತ ಹಾಕಬೇಕು, ಇಲ್ಲಾಂದ್ರೆ ಸಂಖ್ಯೆ ಹೆಸರಿಗೆ ಅಂಟ್ಕೊಂಡು ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆ ಸೇರುತ್ತೆ ಅನ್ನೋದು ಓನರ್ ಅಣ್ಣನ ಆಜ್ಞೆ. ಹೀಗೆ ಪದ ಮುಗಿದ ತಕ್ಷಣ ಎರಡು ಸಲ ಕುಟ್ಟೋದು ನನ್ನ ಹೆಬ್ಬೆರಳಿಗೆ ಅಭ್ಯಾಸವಾಗಿ ಹೋಯ್ತು. ಅಂಗಡಿ ಕಂಪ್ಯೂಟರಲ್ಲಿ ಕುಳಿತಿರುವ ತಮ್ಮ ದೊಡ್ಡಣ್ಣ ಎರಡು ಸಲ ಒತ್ತಿದರೆ ಎರಡು ಖಾಲಿ ಜಾಗ ಕೊಟ್ಟು ಸುಮ್ಮನಿರ್ತಾರೆ. ಫೋನಿನಲ್ಲಿರೋ ತಾವು ಮಾತ್ರ 'ಪಾಪ, ಹುಡುಗಿಯ ವಾಕ್ಯ ಮುಗಿದಿದೆ' ಅಂತ ಕರಗಿ, ಕೇಳದೇ ಒಂದು ಚುಕ್ಕಿ ಇಟ್ಟುಬಿಡ್ತೀರಿ. ಎಂಥಾ ಔದಾರ್ಯ.

ಬುಗುರಿ ಮೊದಲ ಸಲ ಒಬ್ಬಳೇ ಸ್ಟೇಜ್ ಹತ್ತಿ ಜನರನ್ನ ನಗಿಸೋ ಚಾನ್ಸ್ ಗಿಟ್ಟಿಸಿಕೊಂಡು ಮೆಸೇಜ್ ಕಳಿಸಿದಳು: "ಫೈನಲ್ ಆಯ್ತು ಕಣೇ!!! 😭😭 ಮುಂದಿನ ಸಾಲಲ್ಲಿ ಕೂತು ನೀನೇ ಮೊದಲು ನಗ್ಬೇಕು, ಬರ್ತೀಯಾ ತಾನೇ???" ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ನಾನು ಕುಣಿದಾಡ್ತಾ ಉತ್ತರ ಕೊಟ್ಟೆ. ತಲುಪಿದ್ದು: "ಬರ್ತೀನಿ."

ಮಾನ್ಯರೇ, ಆ ಎರಡು ಮುಖ ಅಳ್ತಿರಲಿಲ್ಲ, ಖುಷಿ ಹಿಡಿಸದೆ ಚೆಲ್ಲಿತ್ತು ಅಷ್ಟೇ. ಅವಳು ಕುದಿಯೋ ಪಾತ್ರೆ ತಂದರೆ ನಾನು ಫ್ರಿಜ್ಜಿನ ನೀರು ಸುರಿದೆ. ನಾಲ್ಕು ಸಾಲಿನ ಮೆಸೇಜಲ್ಲಿ ಚುಕ್ಕಿ ಯಾರ ಕಣ್ಣಿಗೂ ಬೀಳಲ್ಲ, ಅಲ್ಲಿ ಅದಕ್ಕೆ ವಾಕ್ಯ ಬಿಡಿಸೋ ಕೆಲಸ ಇರುತ್ತೆ. ಒಂದೇ ಪದದ ಮೆಸೇಜು ಕಳಿಸಿದಾಗಲೇ ಮುಗಿದುಹೋಗುತ್ತೆ, ಅದರ ತುದೀಲಿ ಕೆಲಸವಿಲ್ಲದೆ ನಿಂತ ಚುಕ್ಕಿಯನ್ನ ನೋಡಿದವರು 'ಇದು ಯಾಕೆ ಇಲ್ಲಿ?' ಅಂತ ಅನುಮಾನ ಪಡ್ತಾರೆ. ಬಾಗಿಲು ಹಾಕಿ ಚಿಲಕ ಬೇರೆ ಜಡಿದ ಹಾಗೆ.

"ಬೇಜಾರಾ?" ಅಂದಳು. "ಇಲ್ಲ." "ಖುಷಿನೇ ತಾನೇ?" "ತುಂಬಾ ಖುಷಿ." ಇದನ್ನ ತಾವೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಸೂತಕದ ಮನೆಯಲ್ಲೂ ಇದಕ್ಕಿಂತ ಖುಷಿ ಇರುತ್ತೆ. ಆ ಕಡೆಯಿಂದ 🙂 ಬಂತು. ನಮ್ಮಿಬ್ಬರಲ್ಲಿ ನಗು ಅಂದ್ರೆ 😂, ಅದೂ ನಾಲ್ಕೈದು. ಈ 🙂 ಬಾಯಲ್ಲಿ ನಕ್ಕು ಕಣ್ಣಲ್ಲಿ ಅಳತೆ ತಗೊಳ್ಳೋ ನಗು. ಆಮೇಲೆ "ಸರಿ..." ಅಂತ ಮೂರು ಚುಕ್ಕಿ, ಅಂದ್ರೆ ಹೇಳೋದಿದೆ ಆದ್ರೆ ನಿನಗೆ ಹೇಳಲ್ಲ. ಕೊನೆಗೆ ಒಂಟಿ 👍.

ನಮ್ಮ ಚಿಕ್ಕಮ್ಮ "ಊಟ ಆಯ್ತಾ ಚಿನ್ನ." ಅಂತ ಮುದ್ದಿಗೂ ಚುಕ್ಕಿ ಇಡ್ತಾರೆ, ಯಾರೂ ಹೆದರಲ್ಲ, ಅವರ ಮಾಮೂಲಿ ಹವಾಮಾನವೇ ಅದು. ನನ್ನದು ಮೊದಲಿನಿಂದ "ಬರ್ತೀನೀೀೀೀ 😂😂", ಹಾಗಾಗಿ ಬಿಸಿ ಒಮ್ಮೆಲೇ ಕುಸಿದದ್ದು ಎದ್ದು ಕಂಡಿತು. ಅದೂ ಕೆಲಸಕ್ಕೆ ಸೇರಿದ ಮೇಲೆ. "ಕೆಲಸ ಸಿಕ್ತು, ಕೊಂಬು ಬಂತು. ನೀನೇ ನಗದಿದ್ರೆ ಇನ್ಯಾರೇ ನಗ್ತಾರೆ? ಶೋನಿಂದ ನನ್ನ ಹೆಸರು ವಾಪಸ್ ತಗೋತೀನಿ" ಅಂದುಬಿಟ್ಟಳು. ಗಾಬರಿಯಲ್ಲಿ ಹತ್ತು ಹೃದಯ ಹಾಕಿ "ಅಯ್ಯೋ ಪ್ಲೀಸ್ ಕಣೇ" ಅಂದೆ, ತಾವು ಅದಕ್ಕೂ ಚುಕ್ಕಿ ಇಟ್ಟಿರಿ. ಅಷ್ಟು ಚಳಿಯ ನಂತರ ಒಮ್ಮೆಲೇ ಹತ್ತು ಹೃದಯ ಬಂದರೆ ಪ್ರೀತಿಯಂತೆ ಕಾಣಲ್ಲ, ಲಂಚದಂತೆ ಕಾಣುತ್ತೆ.

ಕೊನೆಗೆ ತಮ್ಮನ್ನ ದಾಟಿ ಮೈಕ್ ಒತ್ತಿದೆ. ನಡೆದದ್ದೆಲ್ಲ ವಿವರಿಸೋಣ ಅಂತ ನನ್ನ ಉತ್ತರಗಳನ್ನ ಚುಕ್ಕಿ ಸಮೇತ ಓದತೊಡಗಿದರೆ ನನಗೇ ನಗು ತಡೆಯೋಕಾಗಲಿಲ್ಲ, ಇಸ್ತ್ರಿ ಮೇಜಿಗೆ ಒರಗಿ ಬಿದ್ದು ಬಿದ್ದು ನಕ್ಕೆ, ಆ ನಗುವೇ ರೆಕಾರ್ಡ್ ಆಗಿ ಅವಳಿಗೆ ಹೋಯ್ತು. ಆ ಕಡೆಯಿಂದ ಬಂದ ಧ್ವನಿಯಲ್ಲೂ ಮಾತಿರಲಿಲ್ಲ, ಅವಳ ಗೊರಕೆಯಂಥ ನಗು ಮಾತ್ರ.

ಇನ್ನು ಅಸಲು ದೂರು. ಬುಗುರಿ ಸ್ಟೇಜ್ ಮೇಲೆ ನಮ್ಮ ಚಾಟನ್ನೇ ಓದಿದಳು, ನನ್ನ ಪ್ರತಿ ಚುಕ್ಕಿಗೂ ಕಾಲು ಎತ್ತಿ ಹಲಗೆ ಮೇಲೆ ಧಡ್ ಅಂತ ಇಟ್ಟಳು. "ತುಂಬಾ ಖುಷಿ" ಧಡ್. ಮೊದಲು ನಗಬೇಕಾದವಳು ನಾನು, ಮುಂದಿನ ಸಾಲಲ್ಲಿ ಅದಕ್ಕಂತಲೇ ಕೂತಿದ್ದೆ. ನಾನು ಬಾಯಿ ತೆರೆಯೋ ಮೊದಲೇ ಇಡೀ ಹಾಲ್ ನಕ್ಕಿತ್ತು. ಅಧ್ಯಕ್ಷೆಯ ಏಕೈಕ ಕರ್ತವ್ಯವನ್ನ ಕಸಿದು ಊರಿಗೆಲ್ಲ ಹಂಚಿದ ತಾವು, ದಯವಿಟ್ಟು ಇನ್ಮುಂದೆ ಚುಕ್ಕಿ ಇಡೋ ಮೊದಲು ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದೆಯಾ ಅಂತ ಇಣುಕಿ ನೋಡಬೇಕು, ಮತ್ತು ಆ ಹಾಲಿನವರೆಲ್ಲ ಸಂಘದ ಸದಸ್ಯತ್ವ ಕೇಳ್ತಿರೋದ್ರಿಂದ ಅವರನ್ನ ಸಾಲಾಗಿ ನಿಲ್ಲಿಸಿ, ನಡುವೆ ಜಾಗ ಬಿಡಿಸಿಕೊಡಬೇಕು.

ಇಂತಿ, ಸ್ಥಾನ ಕಳೆದುಕೊಂಡರೂ ಖುಷಿ ಹಿಡಿಸಲಾಗದ
ತಮ್ಮ ವಿಶ್ವಾಸಿ,
ಇಸ್ತ್ರಿಯವಳು

ಮರೆತ ಮಾತು: ತಮ್ಮ ಈ ಚುಕ್ಕಿ ಸೇವೆಯನ್ನ ನಿಲ್ಲಿಸೋ ಗುಂಡಿ ಸೆಟ್ಟಿಂಗಿನಲ್ಲಿ ಸಿಕ್ಕಿದೆ. ಒತ್ತೋದು ಮಾತ್ರ ನಾಳೆ. ಭಾನುವಾರವೂ ಕೆಲಸಕ್ಕೆ ಬರ್ತೀಯಾ ಅಂತ ಓನರ್ ಅಣ್ಣ ಈಗಷ್ಟೇ ಕೇಳಿದ್ದಾರೆ, ಆ ಒಂದು "ಇಲ್ಲ"ದ ತನಕ ತಾವು ಹುದ್ದೆಯಲ್ಲಿರಿ.