ಮೂವತ್ತು ಖುರ್ಚಿ ಮತ್ತು ಒಬ್ಬ ಯಲ್ಲಪ್ಪ

ಮನುಷ್ಯರನ್ನು ನಮ್ಮ ಕೆಲಸಕ್ಕೆ ಬರೀ ಸಾಧನವಾಗಿ ಬಳಸಬಾರದು ಎಂದು ಮೂವತ್ತೆರಡು ವರ್ಷ ಪಾಠ ಹೇಳಿದವನು ನಾನು. ಧಾರವಾಡದ ಒಂದು ಕಾಲೇಜಿನಲ್ಲಿ ನೀತಿಶಾಸ್ತ್ರದ ಅಧ್ಯಾಪಕನಾಗಿದ್ದು, ನಿವೃತ್ತನಾಗಿ, ಈಗ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಹೆಂಡತಿ ಶಾಂತಾಳ ಅಧೀನದಲ್ಲಿ ವಾಸವಾಗಿದ್ದೇನೆ. ಯಾವ ವಿಷಯದಲ್ಲಿ ಎಡವಿದರೂ ಈ ಒಂದು ವಿಷಯದಲ್ಲಿ ನಾನು ಎಡವುವ ಸಂಭವವೇ ಇಲ್ಲ ಎಂದು ದೃಢವಾಗಿ ನಂಬಿದ್ದೆ. ಎಡವಿದ್ದು ಅದೇ ವಿಷಯದಲ್ಲಿ. ಅದೂ ವೇದಿಕೆಯ ಮೇಲೆ, ಮೈಕಿನ ಮುಂದೆ!

ಹಳೆಯ ಕಾಲೇಜಿನಿಂದ ಇದೇ ವಿಷಯದ ಮೇಲೆ ಉಪನ್ಯಾಸಕ್ಕೆ ಕರೆ ಬಂತು. ಮೂರು ದಿನ ಕೂತು ಇಪ್ಪತ್ತೆರಡು ಪುಟ ಬರೆದೆ. ಕಾರ್ಯಕ್ರಮಕ್ಕೆ ವಾರವಿರುವಾಗ ಅಲ್ಲಿನ ತರುಣ ಅಧ್ಯಾಪಕರು ಫೋನು ಮಾಡಿದರು.

"ಸರ್, ಹುಡುಗರಿಗೆ ಪರೀಕ್ಷಾ ಸೂಟಿ ಬಿಟ್ಟೇವ್ರಿ. ನಿಮ್ಮ ಕಡಿಂದ ಒಂದ ಮೂವತ್ತು ಮಂದಿ ಬಂದ್ರ ದೊಡ್ಡ ಹಾಲ್ ಹಿಡೀತೇವಿ. ಇಲ್ಲಾಂದ್ರ ಲೈಬ್ರರಿ ಬಾಜೂಕಿನ ಖೋಲಿ ಐತ್ರಿ."

ಆ ಖೋಲಿ ನನಗೆ ಚೆನ್ನಾಗಿ ಗೊತ್ತು. ಮುರಿದ ಬೆಂಚು, ಹರಿದ ನಕಾಶೆ, ಜೀವಶಾಸ್ತ್ರದವರು ಕೈಬಿಟ್ಟ ಒಂದು ಅಸ್ಥಿಪಂಜರ. ಇಪ್ಪತ್ತೆರಡು ಪುಟಗಳನ್ನು ಅಸ್ಥಿಪಂಜರದ ಮುಂದೆ ಓದುವುದೇ? ಸಾಧ್ಯವಿಲ್ಲ!

"ಇದ್ದದ್ದು ಇದ್ದಂಗ ಹೇಳಿ ಕರೀರಿ," ಎಂದಳು ಶಾಂತಾ. "ನನ್ನ ಭಾಷಣ ಐತಿ, ಮಂದಿ ಇಲ್ಲ, ಖುರ್ಚಿ ತುಂಬಾಕ ಬರ್ರಿ ಅನ್ರಿ."

"ಹಂಗಂದ್ರ ಯಾರ ಬರತಾರ?"

"ಯಾರೂ ಬರಂಗಿಲ್ಲ ಅಂತ ನಿಮಗ ಗೊತ್ತೈತಲ್ಲ. ಹಂಗಿದ್ರ ಸುಮ್ಮನಿರ್ರಿ."

ಈಗ ಯೋಚಿಸಿದರೆ ನನ್ನ ಇಪ್ಪತ್ತೆರಡು ಪುಟಗಳ ಸಾರವನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಆಗ ನನಗದು ಕೇಳಿಸಲಿಲ್ಲ. ನಾನು ಫೋನಿನಲ್ಲಿ ನಂಬರು ಹುಡುಕುತ್ತಿದ್ದೆ.

ಮೊದಲು ಎದುರು ಮನೆಯ ಪಾಟೀಲ ಕಾಕಾ. ಅವರಿಗೆ ಸಕ್ಕರೆ ಕಾಯಿಲೆ. ಕಾಲೇಜಿನಲ್ಲಿ ಪುಕ್ಕಟೆ ರಕ್ತಪರೀಕ್ಷೆ ಇಟ್ಟಿದ್ದಾರೆ, ಜೊತೆಗೆ ಒಂದು ಸಣ್ಣ ಭಾಷಣವೂ ಇದೆ ಎಂದೆ. ಆಮೇಲೆ ಮೂಲೆಮನೆಯ ವಿಮಲಾ ವೈನಿ. ಅವರು ಮಗಳಿಗೆ ವರ ಹುಡುಕುತ್ತಿದ್ದರು. "ಅಲ್ಲಿ ಒಂದು ಛಲೋ ಹುಡುಗ ಬರತಾನ್ರಿ, ದೂರದಿಂದ ನೋಡಿಬಿಡ್ರಿ," ಎಂದೆ. ಯಾವ ಹುಡುಗ? ನನಗೂ ಗೊತ್ತಿರಲಿಲ್ಲ! ಹೀಗೆ ಒಬ್ಬೊಬ್ಬರಿಗೆ ಒಂದೊಂದು ಆಸೆ ತೋರಿಸಿ ಇಪ್ಪತ್ತೊಂಬತ್ತು ಮಂದಿಯನ್ನು ಒಪ್ಪಿಸಿದೆ. ಮೂವತ್ತನೆಯ ಖುರ್ಚಿಗೆ ನೆನಪಾದವನು ಯಲ್ಲಪ್ಪ.

ಯಲ್ಲಪ್ಪ ನಮ್ಮ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದವನು, ಧಾರವಾಡದ ಹತ್ತಿರ ಖಾದಿಗೆ ಹೆಸರಾದ ಗರಗದವನು. ಬೇವಿನ ಮರಕ್ಕೆ ನೇತುಹಾಕಿದ ರೈಲುಹಳಿಯ ತುಂಡೇ ಗಂಟೆ. ನಾನು ತಡವಾಗಿ ಓಡಿ ಬರುತ್ತಿರುವುದು ಗೇಟಿನಲ್ಲಿ ಕಂಡರೆ ಅವನ ಸುತ್ತಿಗೆ ತಾನಾಗಿ ಎರಡು ನಿಮಿಷ ನಿಧಾನವಾಗುತ್ತಿತ್ತು. ನನ್ನ ಮೊದಲ ಕ್ಲಾಸಿನ ದಿನ ಜಡಿಮಳೆ. ಹೊಸ ಪ್ಯಾಂಟು ಹಾಕಿಕೊಂಡು ಒಳಗೆ ಹೋದರೆ ಒಬ್ಬ ಹುಡುಗನೂ ಇಲ್ಲ. ಅರವತ್ತು ಖಾಲಿ ಬೆಂಚು. ಬಾಗಿಲಲ್ಲಿ ಕಂಡ ಯಲ್ಲಪ್ಪ ಒಳಗೆ ಬಂದು, ತಲೆಯ ಟವೆಲು ಹಿಂಡಿ, ಮೊದಲ ಬೆಂಚಿನಲ್ಲಿ ಕೂತ. "ಹೇಳ್ರಿ ಸರ, ನಾ ಕೇಳತೇನಿ," ಎಂದ. ನಾನು ಹೇಳಿದೆ! ಅರ್ಧ ಪಾಠ ಮುಗಿದಾಗ ಅವನೇ ಎದ್ದು ಕೈಮುಗಿದ. "ಇನ್ನ ಗಂಟಿ ಹೊಡೀಬೇಕ್ರಿ ಸರ." ಆ ಮಳೆಯ ಸಪ್ಪಳ, ಅವನ ಒದ್ದೆ ಟವೆಲಿನ ವಾಸನೆ ನನಗೆ ಇಂದಿಗೂ ನೆನಪಿದೆ. ಅಷ್ಟು ಪ್ರೀತಿಯಿಂದ ಕೇಳಿದವರು ಆಮೇಲೆ ಯಾರೂ ಸಿಗಲಿಲ್ಲ.

ಅಂಥವನಿಗೆ ನಿವೃತ್ತಿಯ ನಂತರ ನಾನು ಮಾಡಿದ ಮೊದಲ ಫೋನು ಅದು.

"ಯಲ್ಲಪ್ಪ, ಕಾಲೇಜಿನ್ಯಾಗ ನಿನಗ ಸತ್ಕಾರ ಇಟ್ಟಾರ. ತಪ್ಪದ ಬಾ."

"ನನಗೇನ್ರಿ ಸರ?" ಎಂದ. ಆ ದನಿ ಕೇಳಿಯೂ ನನ್ನ ನಾಲಿಗೆ ತಿದ್ದಿಕೊಳ್ಳಲಿಲ್ಲ. "ಹೂಂ, ನಿನಗ!" ಎಂದೆ. ಮೂವತ್ತು!

ಕಾರ್ಯಕ್ರಮದ ದಿನ ಚಿಗರಿ ಬಸ್ಸಿನಲ್ಲಿ ನನ್ನ ಶ್ರೋತೃವೃಂದವನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸಾಗಿಸಿದೆ. ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ಯಲ್ಲಪ್ಪ. ಗರಿಗರಿ ಖಾದಿ ಧೋತರ, ಹೊಸ ಟೊಪ್ಪಿಗೆ, ಪಕ್ಕದಲ್ಲಿ ಮೊಬೈಲು ಹಿಡಿದ ಮೊಮ್ಮಗಳು. ಅವನ ಕಣ್ಣು ತಪ್ಪಿಸಿ ಮೈಕಿನ ಕಡೆ ನಡೆದೆ. ಮೈಕು ಸಿಕ್ಕ ಅಧ್ಯಾಪಕನಿಗೆ ಒಳಗಿನ ಮಾತು ಕೇಳಿಸುವುದಿಲ್ಲ.

"ನಾವೆಲ್ಲ ದಿನಾ ಒಬ್ಬರಿಂದೊಬ್ಬರು ಕೆಲಸ ಪಡೆಯುತ್ತೇವೆ," ಎಂದು ಆರಂಭಿಸಿದೆ. "ಕಾಯಿಪಲ್ಯದವಳಿಂದ ಬದನೆಕಾಯಿ, ರಿಕ್ಷಾದವನಿಂದ ಸವಾರಿ. ಇದರಲ್ಲಿ ತಪ್ಪಿಲ್ಲ. ನಮಗೇನು ಬೇಕು ಎಂದು ಅವರಿಗೆ ಗೊತ್ತು, ಅವರಿಗೇನು ಬೇಕು ಎಂದು ನಮಗೆ ಗೊತ್ತು, ಒಲ್ಲೆ ಎನ್ನುವ ಹಕ್ಕು ಇಬ್ಬರಿಗೂ ಇದೆ. ಸಾಧನವಾಗುವುದು ದೋಷವಲ್ಲ, ಬರೀ ಸಾಧನವಾಗುವುದು ದೋಷ. ಸುಳ್ಳು ಹೇಳಿ ಒಬ್ಬರನ್ನು ಕರೆದರೆ ಅವರು ಹೂಂ ಅಂದದ್ದು ನಮ್ಮ ಸುಳ್ಳಿಗೆ, ನಮ್ಮ ಕೆಲಸಕ್ಕಲ್ಲ. ಕೆಲಸವೇನೆಂದು ಗೊತ್ತಿಲ್ಲದವರು ಅದಕ್ಕೆ ಒಪ್ಪುವುದಾದರೂ ಹೇಗೆ? ಪರೀಕ್ಷೆ ಸುಲಭ. ನಿಜ ಹೇಳಿದ ಕೂಡಲೇ ಮುರಿದುಬೀಳುವ ಉಪಾಯವಾದರೆ..."

ಪಾಟೀಲ ಕಾಕಾ ಕೈ ಎತ್ತಿದರು. "ಪರೀಕ್ಷಾ ಅಂದ್ರಿ, ನೆನಪಾತು. ರಕ್ತ ಯಾವಾಗ ತಗೋತಾರ್ರಿ? ಮುಂಜಾನಿಂದ ಉಪಾಸ ಬಂದೇನಿ. ಕಣ್ಣಿಗೆ ಕತ್ತಲಿ ಬರಾಕತ್ತೇತಿ."

ಸಭೆ ನಕ್ಕಿತು. ನಾನು ಬೆವರಿದೆ. ಅಷ್ಟರಲ್ಲಿ ವಿಮಲಾ ವೈನಿ ಪಕ್ಕದವರನ್ನು ಪಿಸುಮಾತಿನಲ್ಲಿ ಕೇಳಿದರು. ಅವರ ಪಿಸುಮಾತು ಹುಬ್ಬಳ್ಳಿಯ ಹೊಸೂರಿನವರೆಗೆ ಕೇಳಿಸುತ್ತದೆ.

"ಹುಡುಗ ಯಾರ್ರಿ? ಸ್ಟೇಜಿನ ಮ್ಯಾಲ ಆ ಕನ್ನಡಕದಾಂವೇನು?"

ಆ ಕನ್ನಡಕದವರು ಪ್ರಾಚಾರ್ಯರು. ಅವರ ಶ್ರೀಮತಿಯವರು ಎರಡನೇ ಸಾಲಿನಲ್ಲೇ ಕೂತಿದ್ದರು!

ಎಂಟು ಪುಟ ಒಮ್ಮೆಲೇ ಹಾರಿಸಿ ಭಾಷಣ ಮುಗಿಸಿದೆ. ತರುಣ ಅಧ್ಯಾಪಕರು ಮೈಕು ಹಿಡಿದರು. "ಈಗ ಸತ್ಕಾರ ಸಮಾರಂಭ."

ಯಲ್ಲಪ್ಪ ಎದ್ದ. ಟೊಪ್ಪಿಗೆ ಸರಿಪಡಿಸಿಕೊಂಡು, ಧೋತರದ ಚುಂಗು ಹಿಡಿದು ಮೆಟ್ಟಿಲು ಹತ್ತಿದ. ಮೊಮ್ಮಗಳು ಮೊಬೈಲು ಎತ್ತಿದಳು. ಶಾಲು ಹಿಡಿದ ಪ್ರಾಚಾರ್ಯರು ಅವನನ್ನು ದಾಟಿಕೊಂಡು ಬಂದು ಅದನ್ನು ನನಗೆ ಹೊದಿಸಿದರು. ಯಲ್ಲಪ್ಪ ವೇದಿಕೆಯ ನಟ್ಟನಡುವೆ ಭುಜ ಬಗ್ಗಿಸಿ ನಿಂತಿದ್ದ. ಶಾಲಿಗೆ ಬಗ್ಗಿಸಿದ ಆ ಭುಜ ಮೆಲ್ಲಗೆ ನೆಟ್ಟಗಾಯಿತು. ಮೊಮ್ಮಗಳು ಮೊಬೈಲು ಇಳಿಸಿದಳು.

ನಾನು ಲಗುಬಗೆಯಿಂದ ಶಾಲು ಕಿತ್ತು ಅವನಿಗೆ ಹೊದಿಸಲು ಹೋದೆ. ಯಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ಸರ. ಈಗ ಹೊಚ್ಚಿದ್ರ ಅದು ನನಗಲ್ರಿ, ನಿಮ್ಮ ಮರ್ಯಾದಿ ಮುಚ್ಚಾಕ."

ಒಂದೇ ತಾಸಿನಲ್ಲಿ ಒಬ್ಬನೇ ಮನುಷ್ಯನನ್ನು ಎರಡು ಸಲ ಬಳಸಲು ಹೊರಟಿದ್ದೆ! ಬೇರೆ ದಾರಿಯಿಲ್ಲದೆ ಮೈಕಿನ ಮುಂದೆ ನಿಂತು ಇದ್ದದ್ದೆಲ್ಲ ಒದರಿದೆ. ರಕ್ತಪರೀಕ್ಷೆ ಸುಳ್ಳು, ವರ ಸುಳ್ಳು, ಸತ್ಕಾರ ಸುಳ್ಳು, ಖುರ್ಚಿ ತುಂಬಿಸಲು ಹೇಳಿದೆ, ತಪ್ಪಾಯಿತು ಎಂದೆ. ಯಾರೂ ನಗಲಿಲ್ಲ. ಪಾಟೀಲ ಕಾಕಾ ಮಾತ್ರ, "ಹಂಗಾರ ನಾ ಏನರ ತಿನ್ನಬಹುದಲ್ಲ?" ಎಂದು ಕೇಳಿದರು.

ಬಾಗಿಲಲ್ಲಿ ಯಲ್ಲಪ್ಪನನ್ನು ಹಿಡಿದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಖುರ್ಚಿ ತುಂಬಾಕ ಬಾ ಯಲ್ಲಪ್ಪ ಅಂದಿದ್ರ ಬರತಿದ್ದಿಲ್ಲೇನ್ರಿ ಸರ?" ಎಂದ. "ಆವತ್ತ ಮಳ್ಯಾಗ ನೀವು ಕರದಿದ್ರೇನ್ರಿ?"

ಅಷ್ಟು ಹೇಳಿ ಮೊಮ್ಮಗಳ ಕೈಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ವಾರ ಕಳೆದರೂ ಊಟ ರುಚಿಸಲಿಲ್ಲ. ಪಾಟೀಲ ಕಾಕಾ ಮತ್ತು ವಿಮಲಾ ವೈನಿಯ ಮನೆಗೆ ಹೋಗಿ ಬೈಸಿಕೊಂಡು ಬಂದೆ, ಅದು ಸುಲಭವಾಗಿ ಮುಗಿಯಿತು. ಗರಗಕ್ಕೆ ಮಾತ್ರ ಕಾಲು ಏಳಲಿಲ್ಲ. ಕ್ಷಮೆ ಕೇಳಲು ಹೋದರೂ ಅದು ನನ್ನ ಮನಸ್ಸು ಹಗುರ ಮಾಡಿಕೊಳ್ಳುವ ಕೆಲಸಕ್ಕೇ ಅಲ್ಲವೇ? ಹಾಗಾದರೆ ಮೂರನೆಯ ಸಲ ಬಳಸಿದಂತೆ! ಈ ಜಟಿಲ ಸಮಸ್ಯೆಯನ್ನು ಶಾಂತಾಳ ಮುಂದಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವಗೇನು ಬೇಕು ಅಂತ ಎಂದರ ಕೇಳೀರೇನು?"

ಮೂವತ್ತೆರಡು ವರ್ಷಗಳನ್ನೆಲ್ಲ ನೆನಪಿನಲ್ಲಿ ಹುಡುಕಿದೆ. ಒಂದು ಸಲವೂ ಕೇಳಿರಲಿಲ್ಲ. ಅವನ ಸುತ್ತಿಗೆ ನನಗಾಗಿ ನಿಧಾನವಾದದ್ದು ನೆನಪಿತ್ತು, ಅವನ ಹೆಂಡತಿಯ ಹೆಸರು ಗೊತ್ತಿರಲಿಲ್ಲ. ಇನ್ನೊಬ್ಬರಿಗೆ ಮೋಸ ಮಾಡದಿದ್ದರೆ ಸಾಲದು, ಅವರು ಬಯಸಿದ್ದರಲ್ಲಿ ನಮ್ಮದೂ ಒಂದಿಷ್ಟು ಕೈ ಇರಬೇಕು ಎಂದು ನಾನೇ ಬರೆದಿದ್ದೆ. ಹಾರಿಸಿದ ಎಂಟು ಪುಟಗಳಲ್ಲಿ ಅದೂ ಇತ್ತು.

ಮರುದಿನ ಗರಗಕ್ಕೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಯಲ್ಲಪ್ಪ ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದ.

"ಬರ್ರಿ ಸರ. ಈ ಸಲ ಎಷ್ಟು ಖುರ್ಚಿ ಅದಾವ್ರಿ?"

"ಒಂದೂ ಇಲ್ಲ ಯಲ್ಲಪ್ಪ. ತಪ್ಪಾತು ಅಂತ ಹೇಳಾಕ ಬಂದೆ. ಮತ್ತ... ನಿನಗೇನರ ನನ್ನಿಂದ ಆಗೂದಿದ್ರ ಕೇಳಾಕ ಬಂದೆ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಖರೇ ಹೇಳ್ಲೇನ್ರಿ? ನಿಮ್ಮ ಎರಡು ಕೈ ಬೇಕಾಗ್ಯಾವ. ತಲಿ ಬ್ಯಾಡ. ಆಗತೈತೇನ್ರಿ?"

"ಆಗತೈತಿ!"

ಹೆಂಡತಿ ನೀಲವ್ವ ನೂತಿದ್ದ ನೂಲಿನ ಲಡಿಯನ್ನು ಯಲ್ಲಪ್ಪ ನನ್ನ ಎರಡು ಕೈಗೆ ಏರಿಸಿದ. ನಾನು ಕೈ ಅಗಲಿಸಿ ಹಿಡಿದುಕೊಳ್ಳಬೇಕು, ಅವನು ಎಳೆ ಬಿಡಿಸಿ ಉಂಡೆ ಸುತ್ತಬೇಕು. ಎಂಥ ಸೊಗಸಾದ ವ್ಯವಹಾರ! ನನ್ನ ಕೈಗಳು ಸಾಧನವಾಗಿದ್ದವು. ಆದರೆ ನನ್ನನ್ನು ಕೇಳಿದ್ದರು, ನಾನು ಒಪ್ಪಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಪಾಠ ನನಗೆ ಅರ್ಥವಾದಂತೆನಿಸಿ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಸರ," ಎಂದ ಯಲ್ಲಪ್ಪ ಎಳೆ ಸುತ್ತುತ್ತಾ, "ಆ ದಿನದ ಪಾಠ ಅರ್ಧಾ ಉಳದೈತ್ರಿ. ಗಂಟಿ ಹೊಡ್ಯಾಕ ಎದ್ದೆ ನೋಡ್ರಿ. ಈಗ ಹೇಳಿಬಿಡ್ರಿ. ಗಂಟಿ ಹೊಡಿಯೂದಿಲ್ಲ."

ನನ್ನ ಆನಂದಕ್ಕೆ ಪಾರವಿಲ್ಲ! ಗಂಟಲು ಸರಿಮಾಡಿಕೊಂಡು, ಆ ಮಳೆಯ ದಿನ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುಮಾಡಿದೆ. ಐದು ನಿಮಿಷವಾಗಿರಬೇಕು. ಉಂಡೆ ಅವನ ಮಡಿಲಿಗೆ ಜಾರಿತು. ಗಲ್ಲ ಎದೆಗೆ ತಾಗಿತು. ಯಲ್ಲಪ್ಪ ಗೊರಕೆ ಹೊಡೆಯತೊಡಗಿದ.

ಕೈ ಇಳಿಸಿದರೆ ನೂಲು ಸಿಕ್ಕಾಗುತ್ತದೆ, ಕರೆದರೆ ಅವನಿಗೆ ಎಚ್ಚರವಾಗುತ್ತದೆ. ಹಾಗೇ ಕೂತೆ. ಮೂವತ್ತೆರಡು ವರ್ಷ ನನ್ನ ಪಾಠ ಮುಗಿಯುವವರೆಗೆ ಎದ್ದು ಹೋಗಲಾರದೆ ಕೂತವರು ನನ್ನ ವಿದ್ಯಾರ್ಥಿಗಳು. ಅವತ್ತು ಒಂದು ತಾಸು ಎದ್ದು ಹೋಗಲಾರದೆ ಕೂತವನು ನಾನು. ಗಂಟೆ ಹೊಡೆಯುವವನೇ ಮಲಗಿಬಿಟ್ಟಿದ್ದ!