ಹಳದಿ ಪಿನ್ನೂ ನಮ್ಮ ಮನೆಯವರ ಮರ್ಯಾದೆಯೂ

ವೈರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಮಿಕ್ಸರ್, ಗೀಸರ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ನಾನೇ ಹಚ್ಚಿ ನಾನೇ ತೆಗೆಯುತ್ತ ಅರವತ್ತೆಂಟು ದಾಟಿದ್ದೇನೆ. ಇದುವರೆಗೆ ಸತ್ತಿಲ್ಲ!

ಆದ್ದರಿಂದ ಎಂಟನೇ ಕ್ಲಾಸಿನ ಮೊಮ್ಮಗಳು ಪವಿತ್ರಾ ನವನಗರದ ನಮ್ಮ ಮನೆಯ ಅಟ್ಟದಿಂದ ಒಂದು ಬೂದು ಬಣ್ಣದ ಪೆಟ್ಟಿಗೆ ಇಳಿಸಿ, "ಆಯಿ, ಇದರ ವೈರ್ ಎಲ್ಲೈತಿ?" ಎಂದಾಗ ನಾನು ಹೆದರಲಿಲ್ಲ.

ಅದು ನಮ್ಮ ಮನೆಯವರ ವಿಡಿಯೋ ಗೇಮ್. ಅವರು ತೀರಿಕೊಂಡು ಒಂದು ವರ್ಷವಾಯಿತು. ಮಗ ಸಣ್ಣವನಿದ್ದಾಗ ಅವನಿಗೆಂದು ತಂದದ್ದು. ಮಗ ದೊಡ್ಡವನಾದ, ಇವರು ಆಗಲಿಲ್ಲ. ಹತ್ತಿ ವ್ಯಾಪಾರಿ, ಧೋತರ ಉಟ್ಟ ಗಂಭೀರ ಮನುಷ್ಯ, ಮಧ್ಯಾಹ್ನ ರೊಟ್ಟಿ ಉಂಡು ಟಿವಿಯ ಮುಂದೆ ಕುಳಿತು ಕಾರು ಓಡಿಸುತ್ತಿದ್ದರು! ಯಾರಾದರೂ ಮನೆಗೆ ಬಂದರೆ "ಸಾವಕಾರರು ಪೂಜಾಕ್ಕ ಕುಂತಾರ್ರಿ" ಎಂದು ನಾನು ಹೇಳಬೇಕು.

"ಕಾರ್ ರೇಸ್‌ನ್ಯಾಗ ನಂದ ಒಂದನೇ ನಂಬರ್" ಎಂದು ಅವರು ಪವಿತ್ರಾಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಅವಳು ನಂಬಿದ್ದಳು. ಬೈರಿದೇವರಕೊಪ್ಪದಲ್ಲಿರುವ ನನ್ನ ಮಗಳ ಮಗಳು ಶ್ರುತಿ ನಂಬಿರಲಿಲ್ಲ. ಅವಳು ಕಾಲೇಜು ಕಲಿಯುತ್ತಾಳೆ, ಯಾರನ್ನೂ ನಂಬುವುದಿಲ್ಲ. "ಅಜ್ಜಾಂದು ಬರೇ ಬಡಾಯಿ" ಎಂದು ಫೋನಿನಲ್ಲಿ ನಕ್ಕಿದ್ದಳಂತೆ.

ಪವಿತ್ರಾ ಪೆಟ್ಟಿಗೆಯ ಮುಂಭಾಗದಿಂದ ಬೆಂಕಿಪೊಟ್ಟಣದಷ್ಟಿನ ಒಂದು ಕಾರ್ಡು ಎಳೆದು ತೋರಿಸಿದಳು. "ಅಜ್ಜಾನ ನಂಬರ್ ಇದರೊಳಗ ಉಳದಿರತೈತಿ, ಆಯಿ. ರವಿವಾರ ಶ್ರುತಿ ಅಕ್ಕ ಬರ್ತಾಳ. ಅಷ್ಟರಾಗ ಟಿವಿಯೊಳಗ ತೋರಿಸಲಿಲ್ಲಂದ್ರ ಅಜ್ಜಾ ಸುಳ್ಳುಗಾರ ಆಗತಾನ!"

ಪೆಟ್ಟಿಗೆಯ ಹಿಂದೆ ಎರಡು ತೂತು. ಒಂದು ಎಂಟರ ಅಂಕಿಯ ಆಕಾರದ್ದು. ನಮ್ಮ ಹಳೇ ಟೇಪ್ ರೆಕಾರ್ಡರಿನ ವೈರು ತಂದು ತುರುಕಿದೆ. ಸರಿಯಾಗಿ ಕೂತಿತು! ಗುಂಡಿ ಒತ್ತಿದರೆ ದೀಪ ಹತ್ತಿತು, ಒಳಗೆ ಆಟದ ಸಿಡಿ ತಿರುಗಿತು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡೆ.

"ಅದು ಕರೆಂಟಿಂದು, ಆಯಿ. ಚಿತ್ರ ಬರೂ ವೈರ್ ಬ್ಯಾರೇನ. ಒಂದ್ ಕಡೆ ಅಗಲ ಬಾಯಿ, ಇನ್ನೊಂದ್ ಕಡೆ ಹಳದಿ, ಬಿಳಿ, ಕೆಂಪು ಪಿನ್ನು."

ಆ ವೈರು ನನಗೆ ಚೆನ್ನಾಗಿ ಗೊತ್ತು. ಹಬ್ಬದ ಸ್ವಚ್ಛತೆಯಲ್ಲಿ ಒಂದು ಚೀಲ ವೈರುಗಳನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡಿದ್ದೆ. ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ.

"ಇಲಿ ಒಯ್ದಿರಬೇಕು" ಎಂದೆ.

"ಇಲಿ ಯಾವ ಟಿವಿಗೆ ಹಚ್ಚಾಕ ಒಯ್ತು, ಆಯಿ?"

ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದೆ. ಮೂರು ಬಣ್ಣದ ವೈರು ಕೇಳಿದೆ, ಕೊಟ್ಟರು. ಮನೆಗೆ ಬಂದು ನೋಡಿದರೆ ಎರಡೂ ತುದಿಗೆ ಮೂರು ಮೂರು ಪಿನ್ನು! ಪೆಟ್ಟಿಗೆಗೆ ದುಂಡನೆಯ ತೂತೇ ಇಲ್ಲ. ಮತ್ತೆ ಹೋಗಿ ಅಗಲ ಬಾಯಿಯದು ಕೇಳಿದೆ. ಎಚ್‌ಡಿಎಂಐ ಎಂದು ಒಂದು ಕೊಟ್ಟರು. ಟಿವಿಗೆ ಸರಳವಾಗಿ ಹೋಯಿತು. ಪೆಟ್ಟಿಗೆಗೆ ಹೋಗಲಿಲ್ಲ. ಹೊಸದು, ಬಿಗಿ ಇರಬೇಕೆಂದು ಲಟ್ಟಣಿಗೆ ತಂದು ಎರಡು ಏಟು ಹಾಕುವಷ್ಟರಲ್ಲಿ ಪವಿತ್ರಾ ಕೂಗಿಕೊಂಡಳು.

"ಆಯಿ! ಅದೇನ್ ಗೂಟ ಅಲ್ಲ!"

ಆಗ ಒಪ್ಪಿಕೊಂಡೆ. ಇಲಿ ಅಲ್ಲ, ನಾನೇ ಎಂದೆ. ಹುಡುಗಿ ಅಳಲಿಲ್ಲ. ನನ್ನನ್ನೊಮ್ಮೆ ನೋಡಿ, "ನಡಿ, ಪೆಟ್ಟಿಗೀನ ತಗೊಂಡು ಹೋಗೂಣು" ಎಂದಳು. ಆ ನೋಟಕ್ಕಿಂತ ಅವಳು ಅತ್ತಿದ್ದರೇ ಅಗ್ಗವಾಗುತ್ತಿತ್ತು.

ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಳೇ ಹುಬ್ಬಳ್ಳಿಗೆ ಹೋದೆವು. ಅಲ್ಲೊಬ್ಬ ಮುದುಕ ಟಿವಿ ರಿಪೇರಿ ಮಾಡುತ್ತಾನೆ. ಹಿಂಭಾಗ ನೋಡಿ ನನಗೆ ಪಾಠವನ್ನೇ ಮಾಡಿದ.

"ಅವ್ವಾರ, ಎಚ್‌ಡಿಎಂಐ ಹೊಸ ಪೆಟ್ಟಿಗಿಗೋಳಿಗೆ. ಇದು ಹಳೇದು. ಚಿತ್ರ ಪೂರಾ ಹಳದಿ ಪಿನ್ನಿನ್ಯಾಗ ಹೋಗತೈತಿ. ಬಿಳಿ, ಕೆಂಪು ಬರೇ ಧ್ವನೀಗೆ, ಎಡಕ್ಕೊಂದು, ಬಲಕ್ಕೊಂದು. ಇದರ ಬಾಯಿ ಮಾತ್ರ ಇದನ್ನ ಮಾಡಿದ ಕಂಪನಿಯವರು ಮುಂದ ತಂದ ಎರಡು ಪೆಟ್ಟಿಗಿಗೂ ಬದಲ್ ಮಾಡಲಿಲ್ಲ. ಅವುಗಳ ವೈರ್ ಇದಕ್ಕೂ ನಡೀತೈತಿ."

ರಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದನ್ನು ಎಳೆದ. ವೈರು ಪರೀಕ್ಷಿಸುವ ಮೀಟರಿನ ಒಂದು ಕಡ್ಡಿ ಅಗಲ ಬಾಯಿಗೆ, ಇನ್ನೊಂದು ಹಳದಿ ಪಿನ್ನಿನ ಮೂಗಿಗೆ ಹಿಡಿದ. ಕುಂಯ್ ಎಂದಿತು. "ಜೀವ ಐತ್ರಿ" ಎಂದ. ಪವಿತ್ರಾ ಅದನ್ನು ಕೊರಳಿಗೇ ಹಾಕಿಕೊಂಡು ಮನೆಗೆ ಬಂದಳು.

ಈಗ ಟಿವಿಯ ಕಡೆಯ ತೊಂದರೆ. ಹೊಸ ಟಿವಿಗೆ ಹಳದಿ ತೂತೇ ಇಲ್ಲ! ಹಸಿರು, ನೀಲಿ, ಕೆಂಪು, ಪಕ್ಕದಲ್ಲಿ ಬಿಳಿ, ಮತ್ತೊಂದು ಕೆಂಪು.

"ಹಳದಿ ಹಸಿರಿಗೆ ಹಚ್ಚಬೇಕು, ಆಯಿ. ಹಳದಿ ಪಿನ್ನಿಗೂ ಹಸಿರು ಪಿನ್ನಿಗೂ ಈ ಟಿವಿಯೊಳಗ ಅದೊಂದ ತೂತು."

"ಹುಚ್ಚಿ! ಹಳದಿ ಯಾರರ ಹಸಿರಿಗೆ ಹಚ್ತಾರೇನ?" ಎಂದು ಬಿಳಿಯ ಪಕ್ಕದ ಕೆಂಪಿಗೆ ಹಚ್ಚಿದೆ. ಅದು ಧ್ವನಿಯ ತೂತು. ಟಿವಿಯೊಳಗೆ ಜೇನುಗೂಡು ಎದ್ದಂತೆ ಗುಂಯ್ ಎಂದಿತು. ಪಕ್ಕದ ಮನೆಯ ಶಾಂತಕ್ಕ ಕಿಟಕಿಯಿಂದ "ಹಿಟ್ಟಿನ ಗಿರಣಿ ತಂದೀರೇನ್ರಿ?" ಎಂದು ಕೇಳಿದರು.

ಪವಿತ್ರಾ ನನ್ನ ಕೈ ಸರಿಸಿ ಹಸಿರಿಗೇ ಹಚ್ಚಿದಳು. ಚಿತ್ರ ಬಂತು, ಆದರೆ ಕಪ್ಪು ಬಿಳುಪು. ಹಳೇ ಪೆಟ್ಟಿಗೆ, ಹಳೇ ಕಾಲದ ಬಣ್ಣ ಎಂದು ನಾನು ತೀರ್ಪು ಕೊಟ್ಟೆ. ಅವಳು ರಿಮೋಟಿನಲ್ಲಿ ಎವಿ ಎಂಬುದನ್ನು ಆರಿಸಿದಳು. ಬಣ್ಣ ಬಂತು! ಅಲ್ಲಿಯವರೆಗೆ ಟಿವಿ ಹಸಿರು, ನೀಲಿ, ಕೆಂಪು ಎಂಬ ಬೇರೆ ಮೂರು ವೈರುಗಳ ದಾರಿ ಕಾಯುತ್ತಿತ್ತಂತೆ. ನನ್ನ ಹಾಗೆಯೇ ಹಟಮಾರಿ.

ರವಿವಾರ ಮುಂಜಾನೆ ಕಾರ್ಡು ಹಾಕಿ ಪವಿತ್ರಾ ನಂಬರುಗಳ ಪಟ್ಟಿ ತೆಗೆದಳು. ಐದು ಹೆಸರು. ಮೇಲಿನಿಂದ ಓದುತ್ತ ಹೋದ ಹುಡುಗಿಯ ಮುಖ ಇಳಿಯಿತು. ನಮ್ಮ ಮನೆಯವರ ಹೆಸರಿನ ಮೂರು ಅಕ್ಷರ ಕಟ್ಟಕಡೆಗೆ, ಐದನೆಯದಾಗಿ ಕೂತಿದ್ದವು.

ಅಷ್ಟರಲ್ಲಿ ಗೇಟು ಸದ್ದಾಯಿತು. ಶ್ರುತಿ!

ಗಂಡನ ಮರ್ಯಾದೆ ಪ್ರಶ್ನೆ. ಟಿವಿಯ ಹಿಂದೆ ಕೈ ಹಾಕಿ ಹಳದಿ ಪಿನ್ನು ಕಿತ್ತುಬಿಟ್ಟೆ. ಪಟ್ಟಿ ಮಾಯ!

"ಕರೆಂಟ್ ಹೋತವಾ" ಎಂದೆ, ಒಳಗೆ ಬಂದ ಶ್ರುತಿಗೆ. "ಈಗಷ್ಟ ನೋಡಿದ್ವಿ. ನಿಮ್ಮಜ್ಜಾಂದು ಒಂದನೇ ನಂಬರ್."

ಟಿವಿ ಮಾತ್ರ ಢಂ ಢಂ ಎಂದು ಬಾರಿಸುತ್ತಲೇ ಇತ್ತು. ಬಿಳಿ, ಕೆಂಪು ಪಿನ್ನುಗಳನ್ನು ಕಿತ್ತಿರಲಿಲ್ಲ ನೋಡಿ!

"ಕರೆಂಟ್ ಹೋದ್ರ ಹಾಡು ಹ್ಯಾಂಗ ಬರಾಕತ್ತೈತಿ, ಆಯಿ?" ಎಂದು ಶ್ರುತಿ ನನ್ನ ಮುಷ್ಟಿಯಿಂದ ಹಳದಿ ಪಿನ್ನು ಬಿಡಿಸಿ ಹಚ್ಚಿದಳು. ಪಟ್ಟಿ ಇದ್ದಲ್ಲೇ ಇತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಐದನೇ ನಂಬರ್!"

ಪವಿತ್ರಾ ಪೆಟ್ಟಿಗೆ ಆರಿಸಿ, ಕಾರ್ಡು ತೆಗೆದಿಟ್ಟು, ಕಾರ್ಡಿಲ್ಲದೆಯೇ ಪೆಟ್ಟಿಗೆ ಮತ್ತೆ ಹಚ್ಚಿದಳು. ಪಟ್ಟಿ ಬಂತು. ಮೇಲಿನ ನಾಲ್ಕು ಹೆಸರು ಅವೇ. ಐದನೆಯದು ಬೇರೆ ಯಾವುದೋ.

"ನೋಡ್ರಿ!" ಹುಡುಗಿ ಕುಣಿದಳು. "ಕಾರ್ಡ್ ಇಲ್ಲಂದ್ರೂ ಈ ನಾಲ್ಕು ಅದಾವು. ಇವು ಗೇಮ್ ಮಾಡಿದವರ ತುಂಬಿ ಕಳಿಸಿದ ಹೆಸರು, ಯಾರೂ ಆಡಿದ್ದಲ್ಲ. ಅಂಥಾ ಒಂದನ್ನ ಅಜ್ಜಾ ಹೊರಗ ಹಾಕ್ಯಾನ. ಈ ಮನ್ಯಾಗ ಆಡಿದ ಮನುಷ್ಯಾರೊಳಗ ಅಜ್ಜಾನ ಒಂದನೇ ನಂಬರ್!"

"ಪಟ್ಟಿಯೊಳಗಿರೂ ಮನುಷ್ಯಾ ಅವನೊಬ್ಬನ. ಒಂದನೇ ಬರದ ಇನ್ನೇನ್ ಬರ್ತಾನ?" ಎಂದಳು ಶ್ರುತಿ. ಸೋಲಿಸಿಯೇ ತೋರಿಸುತ್ತೇನೆಂದು ಕುಳಿತಳು. ಸಂಜೆಯವರೆಗೆ ಆಡಿದಳು. ಪಟ್ಟಿಯ ಬಾಗಿಲಿಗೂ ಬರಲಿಲ್ಲ. ಪವಿತ್ರಾಳೂ ಬರಲಿಲ್ಲ. ಚಹಾ ಕುಡಿಯುವ ಹೊತ್ತಿಗೆ ಶ್ರುತಿಯ ಬಾಯಲ್ಲಿ ಬಡಾಯಿ ಎಂಬ ಮಾತು ಇರಲಿಲ್ಲ.

ಕಾರು ಓಡಿಸುವುದು ಅಂಥ ದೊಡ್ಡ ಕೆಲಸವೇ ಎಂದು ನಾನೂ ಕುಳಿತೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಕೆಂಪು ಅಕ್ಷರ ಮಿನುಗತೊಡಗಿತು. ಭೇಷ್ ಎಂದು ಬರೆದಿರಬೇಕೆಂದು ಇನ್ನೂ ಜೋರಾಗಿ ಒತ್ತಿದೆ.

"ಆಯಿ, ಉಲ್ಟಾ ಹೊಂಟೀ ಅಂತ ಬರದೈತಿ!" ಎಂದಳು ಪವಿತ್ರಾ.

ಉಳಿದ ಗಾಡಿಗಳೆಲ್ಲ ಓಟ ಮುಗಿಸಿದವು. ನನ್ನದು ಗೋಡೆಗೆ ಮುಖ ಮಾಡಿ ನಿಂತಿತ್ತು. ಇಷ್ಟು ವರ್ಷ ಆ ಮನುಷ್ಯನನ್ನು ಕೆಲಸವಿಲ್ಲದವರು ಎಂದು ಬೈದವಳು ನಾನು. ಅವರು ಈಗ ಎದ್ದು ಬಂದರೆ ಕ್ಷಮೆ ಗಿಮೆ ಕೇಳುವುದಿಲ್ಲ. ಗಾಡಿ ತಿರುಗಿಸುವುದು ಹೇಗೆ ಎಂದಷ್ಟೇ ಕೇಳುತ್ತೇನೆ.